ಜಾಹೀರಾತು ಬಜೆಟ್ ರಿಪೋರ್ಟಿನಲ್ಲಿ 104% ಬರ್ತಿದೆ. ನಿಜವಾಗಿ ನಾವು ಮುಂದಿದ್ದೀವಾ, ಹಿಂದಿದ್ದೀವಾ?

ಕೆಂಪುಸೆರಗು, ಇಳಕಲ್
12 ಅಕ್ಟೋಬರ್ 2025, ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ. ನಮ್ಮದು ಇಳಕಲ್ ಸೀರೆ ಅಂಗಡಿ. ಆನ್‌ಲೈನ್ ಮಾರಾಟ ನಾನು ನೋಡಿಕೊಳ್ಳುತ್ತೇನೆ. ಈ ತಿಂಗಳ ಜಾಹೀರಾತಿಗೆ ಮಾಲಕರು ₹93,000 ತೆಗೆದಿಟ್ಟಿದ್ದಾರೆ. ಗೂಗಲ್ ಸರ್ಚ್‌ನಲ್ಲಿ ಸ್ವಲ್ಪ, ಇನ್‌ಸ್ಟಾಗ್ರಾಂನಲ್ಲಿ ಜಾಸ್ತಿ. ದಿನಾ ಬೆಳಿಗ್ಗೆ ನಿನ್ನೆಯವರೆಗಿನ ಖರ್ಚನ್ನು ಗೂಗಲ್ ಶೀಟಿಗೆ ಹಾಕಿ ಮಾಲಕರಿಗೆ ಒಂದು ಅಂಕಿ ಕಳಿಸುತ್ತೇನೆ. 100ರ ಮೇಲಿದ್ದರೆ ಯೋಜನೆಗಿಂತ ಮುಂದೆ, ಕೆಳಗಿದ್ದರೆ ಹಿಂದೆ. ಸೂತ್ರ ಇದು:

```
=B3/(B2*DAY(TODAY())/DAY(EOMONTH(TODAY(),0)))
```

B2 ತಿಂಗಳ ಬಜೆಟ್. B3 ಈವರೆಗಿನ ಖರ್ಚು, ಇವತ್ತಿಗೆ ₹37,300. ಉತ್ತರ 104% ಬಂತು. ಮಾಲಕರು ನೋಡಿದವರೇ "ಜಾಸ್ತಿ ಹೋಗ್ತಿದೆ, ಸ್ವಲ್ಪ ಕಡಿಮೆ ಮಾಡವ್ವ" ಅಂದರು. ನನಗೆ ಸಮಾಧಾನ ಆಗ್ತಿಲ್ಲ. ದೀಪಾವಳಿ 20ಕ್ಕೆ ಶುರು. ಹಬ್ಬಕ್ಕೆ ಉಡುವ ಸೀರೆ ಅಂದರೆ ಕೈಗೆ ಬಂದ ಮೇಲೆ ಜಂಪರ್ ಹೊಲಿಸಬೇಕು. 17 ದಾಟಿದ ಮೇಲೆ ಹಬ್ಬದ ಆರ್ಡರ್ ಬರೋದೇ ಇಲ್ಲ. ಹಾಗಾಗಿ 8ರಿಂದ 17ರವರೆಗೆ ಜಾಸ್ತಿ, ಆಮೇಲೆ ಮೊದಲ ವಾರದ ಅರ್ಧ ಅಂತ ತಿಂಗಳ ಮೊದಲೇ ಮಾತಾಗಿತ್ತು. ಈಗ ಕಡಿಮೆ ಮಾಡಿದರೆ ಹಬ್ಬವೇ ಕೈಬಿಟ್ಟು ಹೋಗುತ್ತೆ ಅಲ್ವಾ?

ಇನ್ನೊಂದು ತೊಂದರೆಯೂ ಇದೆ. ಪ್ರತಿ ತಿಂಗಳು 1ನೇ ತಾರೀಖು 0% ಬರುತ್ತೆ. ಜಾಹೀರಾತು ನಿಂತಿದೆಯಾ ಅಂತ ಮಾಲಕರ ಫೋನ್ ಬರುತ್ತೆ.

ದ್ರಾಕ್ಷಿಪಡಕು, ವಿಜಯಪುರ
ಬೆಳಿಗ್ಗೆ 10:05

ಅಕ್ಕಾರೆ, ನನಗೂ ಇದೇ ಗೋಳು. ಒಣದ್ರಾಕ್ಷಿ ಮಾರಾಟಕ್ಕೆ ಸರ್ಚ್ ಜಾಹೀರಾತು ಹಾಕಿದ್ದೇನೆ. ದಿನಕ್ಕೆ ₹1,000 ಇಟ್ಟರೂ 600ರ ಮೇಲೆ ಹೋಗೋದಿಲ್ಲ. ನಿಮ್ಮ ಸೂತ್ರ ಹಾಕಿಕೊಂಡರೆ ಪೂರ್ತಿ ಖರ್ಚಾಗುತ್ತಾ?

ಗೋಕಾಕ ಕರದಂಟು
ಬೆಳಿಗ್ಗೆ 10:20

ಇದಕ್ಕೆಲ್ಲ ರಿಪೋರ್ಟ್ ಯಾಕೆ? ಗೂಗಲ್‌ನಲ್ಲಿ ಒಂದು ದಿನ ದಿನದ ಬಜೆಟ್ಟಿನ ಎರಡು ಪಟ್ಟು ಹೋದರೂ ತಿಂಗಳಿಗೆ 30.4 ಪಟ್ಟು ದಾಟೋದಿಲ್ಲ. 93,000 ಅನ್ನು 30.4ರಿಂದ ಭಾಗಿಸಿ. ₹3,059 ಅಂತ ಇಟ್ಟು ಬಿಟ್ಟುಬಿಡಿ. ತಿಂಗಳ ಕೊನೆಗೆ ಲೆಕ್ಕ ತಾನೇ ಕೂಡುತ್ತೆ.

ಕುಂದಾನಗರಿ, ಬೆಳಗಾವಿ
ಬೆಳಿಗ್ಗೆ 11:15

ಗೋಕಾಕದ ಅಣ್ಣಾರು ಹೇಳಿದ 30.4ರ ಮಿತಿ ಸರಿ ಇದೆ. ಆದರೆ ಅದು ಗೂಗಲ್ ಜಾಹೀರಾತಿಗೆ ಮಾತ್ರ, ಅದೂ ತಿಂಗಳ ನಡುವೆ ಬಜೆಟ್ ಮುಟ್ಟದಿದ್ದರೆ. ಅಕ್ಕಾರ ಖರ್ಚು ಜಾಸ್ತಿ ಇರೋದು ಇನ್‌ಸ್ಟಾಗ್ರಾಂನಲ್ಲಿ, ಬಜೆಟ್ 8ಕ್ಕೊಮ್ಮೆ, 18ಕ್ಕೊಮ್ಮೆ ಬದಲಾಗುತ್ತೆ. ಅಲ್ಲದೆ ಅದು ಮೇಲಿನ ಮಿತಿ. ಕಡಿಮೆ ಹೋದರೆ ಯಾರೂ ತುಂಬಿಕೊಡೋದಿಲ್ಲ.

ಅಕ್ಕಾರೆ, ನಿಮ್ಮ ಸೂತ್ರದಲ್ಲಿ ಎರಡು ತಪ್ಪು ಕೂಡಿಕೊಂಡಿವೆ. ಮೊದಲನೇದು ಚಿಕ್ಕದು. ಖರ್ಚು 11ರವರೆಗಿನದು, ದಿನ ಎಣಿಸೋದು 12. ಇವತ್ತಿನ ಪಾಲು ಯೋಜನೆಯಲ್ಲಿ ಸೇರಿತು, ಖರ್ಚಿನಲ್ಲಿ ಸೇರಲಿಲ್ಲ. 1ನೇ ತಾರೀಖು 0% ಬರೋದು ಇದಕ್ಕೇ. ತಿಂಗಳ ಕೊನೆಯಲ್ಲಿ ಈ ತಪ್ಪು ಕಾಣೋದಿಲ್ಲ, ಮೊದಲ ವಾರದಲ್ಲಿ ಮಾತ್ರ ದೊಡ್ಡದಾಗಿ ಕಾಡುತ್ತೆ. ಅದೊಂದನ್ನೇ ಸರಿಮಾಡಿದರೆ 11 ದಿನಕ್ಕೆ ₹33,000 ಆಗಬೇಕಿತ್ತು, ₹37,300 ಆಗಿದೆ. ಅಂದರೆ 113%. ಮಾಲಕರು ಇನ್ನೂ ಗಾಬರಿಯಾಗುತ್ತಾರೆ!

ಎರಡನೇದೇ ದೊಡ್ಡ ತಪ್ಪು. ನಿಮ್ಮ ಸೂತ್ರ ತಿಂಗಳ ಹಣವನ್ನು 31 ದಿನಕ್ಕೂ ಸಮವಾಗಿ ಹಂಚುತ್ತೆ. ನಿಮ್ಮ ಯೋಜನೆ ಸಮ ಇಲ್ಲ. ಮಾತಿನಲ್ಲಿ ಇರುವ ಯೋಜನೆಯನ್ನು ಶೀಟಿಗೆ ಇಳಿಸಬೇಕು. Plan ಅಂತ ಒಂದು ಹಾಳೆ ಮಾಡಿ. A1ರಲ್ಲಿ =DATE(2025,10,1), A2ರಲ್ಲಿ =A1+1, ಹೀಗೆ A ಕಾಲಮ್ಮಿನಲ್ಲಿ 31 ತಾರೀಖು. B ಕಾಲಮ್ಮಿನಲ್ಲಿ ಆ ದಿನದ ತೂಕ, ಅಂದರೆ ಮಾಮೂಲಿ ದಿನದ ಎಷ್ಟು ಪಟ್ಟು ಖರ್ಚು ಅಂತ. 1ರಿಂದ 7ಕ್ಕೆ ತೂಕ 1 ಇಡಿ. 18ರಿಂದ ಕೊನೆವರೆಗೆ 0.5. ನಡುವಿನ ಹತ್ತು ದಿನಕ್ಕೆ ಎಷ್ಟು ಅಂತ ನೀವೇ ಹೇಳಬೇಕು.

ಕೆಂಪುಸೆರಗು, ಇಳಕಲ್
ಬೆಳಿಗ್ಗೆ 11:30

ದಿನಕ್ಕೆ ₹5,100 ಅಂತ ಮಾತಾಗಿತ್ತು ಸರ. ಮೊದಲ ವಾರ 3,000, ಕೊನೆಗೆ 1,500.

ಕುಂದಾನಗರಿ, ಬೆಳಗಾವಿ
ಬೆಳಿಗ್ಗೆ 11:50

ಹಾಗಾದರೆ ತೂಕ 1.7. ಒಟ್ಟು ತೂಕ 7 + 17 + 7, ಸರಿಯಾಗಿ 31. ಒಂದು ತೂಕಕ್ಕೆ ₹3,000. 11ರವರೆಗೆ ಏಳು ದಿನದ 7, ಆಮೇಲೆ ನಾಲ್ಕು ದಿನದ 6.8, ಒಟ್ಟು 13.8. ಅಂದರೆ ಇಷ್ಟೊತ್ತಿಗೆ ₹41,400 ಆಗಬೇಕಿತ್ತು. ಆಗಿರೋದು ₹37,300. ನೀವು 90%ನಲ್ಲಿದ್ದೀರಿ, ₹4,100 ಹಿಂದೆ. ಮಾಲಕರು ಕಡಿಮೆ ಮಾಡು ಅಂದದ್ದು ಹಿಂದೆ ಬಿದ್ದಿರುವ ಖರ್ಚನ್ನೇ.

ಸೂತ್ರಗಳು ಇವು. ಖರ್ಚಿನ ಹಾಳೆಗೆ Data ಅಂತ ಹೆಸರಿಡಿ. ಅದರ A ತಾರೀಖು, C ಮೊತ್ತ.

```
B1: =TODAY()-1
B3: =SUMIFS(Data!C:C,Data!A:A,">="&EOMONTH(B1,-1)+1,Data!A:A,"<="&B1)
B4: =B2*SUMIFS(Plan!B:B,Plan!A:A,">="&EOMONTH(B1,-1)+1,Plan!A:A,"<="&B1)/SUMIFS(Plan!B:B,Plan!A:A,">="&EOMONTH(B1,-1)+1,Plan!A:A,"<="&EOMONTH(B1,0))
B5: =B3/B4
```

TODAY() ಒಂದೇ ಕಡೆ ಇರಲಿ, B1ರಲ್ಲಿ. ಉಳಿದ ಎಲ್ಲವೂ B1 ನೋಡಿ ನಡೆಯಲಿ. ಆಗ 1ನೇ ತಾರೀಖು ಬೆಳಿಗ್ಗೆ 0% ಬರದೆ, ಮುಗಿದ ತಿಂಗಳ ಪೂರ್ತಿ ಲೆಕ್ಕ ಬರುತ್ತೆ. ಅದಕ್ಕೇ B2ರಲ್ಲಿ ಹೊಸ ತಿಂಗಳ ಬಜೆಟ್ ಅನ್ನು 2ನೇ ತಾರೀಖು ಬರೆಯಿರಿ.

ಕೆಂಪುಸೆರಗು, ಇಳಕಲ್
ಮಧ್ಯಾಹ್ನ 12:40

ಎಲ್ಲ ಹಾಗೇ ಹಾಕಿದೆ. B4 ₹41,400 ಸರಿಯಾಗಿ ಬಂತು. ಆದರೆ B3ರಲ್ಲಿ ₹4,650 ಮಾತ್ರ ತೋರಿಸ್ತಿದೆ. ಮೊದಲು ನಾನು ಸುಮ್ನೆ ಕಾಲಮ್ ಕೂಡಿಸುತ್ತಿದ್ದೆ, ಆಗ 37,300 ಬರುತ್ತಿತ್ತು. ಹುಡುಕಿ ನೋಡಿದೆ, 4,650 ಅನ್ನೋದು 10ನೇ ತಾರೀಖಿನ ಖರ್ಚು. ಆ ಒಂದೇ ದಿನ ಯಾಕೆ?

ಕುಂದಾನಗರಿ, ಬೆಳಗಾವಿ
ಮಧ್ಯಾಹ್ನ 12:55

10ನೇ ತಾರೀಖು ಅಂದಿರಲ್ಲ, ಅದರಲ್ಲೇ ಉತ್ತರ ಇದೆ. ನೀವು Data ಹಾಳೆಯಲ್ಲಿ ತಾರೀಖನ್ನು 05/10/2025 ಅಂತ ಬರೆಯುತ್ತೀರಿ ಅಲ್ವಾ? ನಿಮ್ಮ ಶೀಟ್ ಅಮೆರಿಕದ ಪದ್ಧತಿಯಲ್ಲಿದೆ. ಅದು ತಿಂಗಳನ್ನು ಮೊದಲು ಓದುತ್ತೆ. ನಿಮ್ಮ ಅಕ್ಟೋಬರ್ 5 ಅದಕ್ಕೆ ಮೇ 10. ಅಕ್ಟೋಬರ್ 11 ಅದಕ್ಕೆ ನವೆಂಬರ್ 10. ಎರಡೂ ಕಡೆಯಿಂದ ಓದಿದರೂ ಅಕ್ಟೋಬರ್ ಆಗೇ ಉಳಿಯೋದು 10/10 ಒಂದೇ.

ನಾಡಿದ್ದು 13/10 ಬರೆದಿದ್ದರೆ ಬೇರೆ ಥರ ಕೆಡುತ್ತಿತ್ತು. 13ನೇ ತಿಂಗಳು ಇಲ್ಲವಲ್ಲ, ಅದನ್ನು ತಾರೀಖು ಅಂತಲೇ ಒಪ್ಪದೆ ಬರೀ ಅಕ್ಷರವಾಗಿ ಇಡುತ್ತೆ. ಕಣ್ಣಿಗೂ ಗೊತ್ತಾಗುತ್ತೆ, ನಿಜವಾದ ತಾರೀಖು ಕೋಶದ ಬಲಕ್ಕೆ ಅಂಟಿರುತ್ತೆ, ಅಕ್ಷರ ಎಡಕ್ಕೆ.

`File > Settings` ಒಳಗೆ `Locale` ಅನ್ನು `India` ಮಾಡಿ. ಆದರೆ ಈಗಾಗಲೇ ತಪ್ಪಾಗಿ ಓದಿದ ತಾರೀಖು ಅದರಿಂದ ತಿದ್ದಿಕೊಳ್ಳೋದಿಲ್ಲ. ಆ ಹನ್ನೊಂದು ಸಾಲನ್ನು ಮತ್ತೆ ಬರೆಯಿರಿ.

ಕೆಂಪುಸೆರಗು, ಇಳಕಲ್
ಮಧ್ಯಾಹ್ನ 1:20

ಬಂತು! ₹37,300, 90%. ತುಂಬಾ ಉಪಕಾರ ಸರ. ಇನ್ನು ಉಳಿದ ₹55,700 ಅನ್ನು 20 ದಿನಕ್ಕೆ ಭಾಗಿಸಿ ದಿನಕ್ಕೆ ₹2,785 ಅಂತ ಇಡಲಾ?

ಕುಂದಾನಗರಿ, ಬೆಳಗಾವಿ
ಮಧ್ಯಾಹ್ನ 1:45

ಬೇಡ, ಅದು ಮತ್ತೆ ಸಮ ಹಂಚಿಕೆ ಆಯಿತು. ಉಳಿದ ಹಣವನ್ನು ಉಳಿದ ತೂಕದಿಂದ ಭಾಗಿಸಿ. 17.2 ತೂಕ ಉಳಿದಿದೆ, ಒಂದಕ್ಕೆ ₹3,238. ಇವತ್ತಿನಿಂದ 17ರವರೆಗೆ ದಿನಕ್ಕೆ ₹5,505, ಆಮೇಲೆ ₹1,619. ನೀವು ಇಡಬೇಕು ಅಂದುಕೊಂಡದ್ದಕ್ಕೂ ಇದಕ್ಕೂ ಹಬ್ಬದ ಆರು ದಿನದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ವ್ಯತ್ಯಾಸ.

ಆದರೆ ಕೈ ಹಾಕುವ ಮೊದಲು ಒಂದು ನೋಡಿ. 5,100 ಇಟ್ಟಿದ್ದರೂ ಯಾಕೆ ಹಿಂದೆ ಬಿದ್ದಿರಿ? ಎರಡು ಕಡೆಯದನ್ನೂ ಬಿಡಿಸಿ ಹೇಳಿ.

ಕೆಂಪುಸೆರಗು, ಇಳಕಲ್
ಮಧ್ಯಾಹ್ನ 2:10

ಇನ್‌ಸ್ಟಾಗ್ರಾಂನಲ್ಲಿ 8ರಿಂದ ದಿನಕ್ಕೆ 3,600 ಇಟ್ಟಿದ್ದೆ, ಸುಮಾರು ಅಷ್ಟೂ ಹೋಗಿದೆ. ಸರ್ಚ್‌ನಲ್ಲಿ 1,500 ಇಟ್ಟರೂ ಸುಮಾರು 1,000 ಹೋಗುತ್ತಿದೆ. ಮೊದಲ ವಾರವೂ ಸರ್ಚ್‌ನಲ್ಲೇ ದಿನಕ್ಕೆ 300ರಷ್ಟು ಉಳಿಯುತ್ತಿತ್ತು.

ಕುಂದಾನಗರಿ, ಬೆಳಗಾವಿ
ಮಧ್ಯಾಹ್ನ 2:25

ಏಳು ದಿನಕ್ಕೆ 2,100, ನಾಲ್ಕು ದಿನಕ್ಕೆ 2,000. ಒಟ್ಟು 4,100. ನಿಮ್ಮ ಕೊರತೆ ಪೂರ್ತಿ ಸರ್ಚ್‌ನಲ್ಲೇ ಇದೆ. ಅಲ್ಲಿ ಇಟ್ಟ ಹಣವೇ ಮುಗಿಯುತ್ತಿಲ್ಲ ಅಂದಮೇಲೆ ಬಜೆಟ್ ಏರಿಸಿದರೂ ಖರ್ಚು ಏರೋದಿಲ್ಲ. ವಿಜಯಪುರದ ಅಣ್ಣಾರಿಗೂ ಇದೇ ಉತ್ತರ. ರಿಪೋರ್ಟ್ ಹಿಂದಿದ್ದೀರಿ ಅಂತ ತೋರಿಸುತ್ತೆ ಅಷ್ಟೇ, ಖರ್ಚು ಮಾಡಿಸೋದಿಲ್ಲ. ನಿಮ್ಮ ಕೀವರ್ಡ್‌ಗಳನ್ನು ಎಷ್ಟು ಜನ ಹುಡುಕುತ್ತಾರೆ, ನೀವು ಇಟ್ಟ ಬಿಡ್ ಸಾಲುತ್ತಾ ಅಂತ ಅಲ್ಲಿ ಹೋಗಿ ನೋಡಬೇಕು.

ಶೀಟಿನಲ್ಲೂ ಸರ್ಚ್, ಇನ್‌ಸ್ಟಾಗ್ರಾಂ ಅಂತ ಎರಡು ಸಾಲು ಬೇರೆ ಮಾಡಿ. ನಾನಾಗಿದ್ದರೆ ಸರ್ಚ್‌ನಲ್ಲಿ ಮಿಗುವ ಹಣವನ್ನು ಇವತ್ತೇ ಇನ್‌ಸ್ಟಾಗ್ರಾಂಗೆ ಹಾಕುತ್ತಿದ್ದೆ.

ಗೋಕಾಕ ಕರದಂಟು
ಮಧ್ಯಾಹ್ನ 2:40

ಇದನ್ನು ನಾನು ಒಪ್ಪೋದಿಲ್ಲ. ಸರ್ಚ್‌ನಲ್ಲಿ ಬರುವವರು ಸೀರೆ ಬೇಕು ಅಂತಲೇ ಹುಡುಕಿ ಬಂದವರು. ಇನ್‌ಸ್ಟಾಗ್ರಾಂನಲ್ಲಿ ಬರೀ ನೋಡಿ ಮುಂದೆ ಹೋಗೋರು ಜಾಸ್ತಿ. 100% ಮುಟ್ಟಿಸಬೇಕು ಅಂತ ಹಣ ಅಲ್ಲಿಗೆ ಸುರಿಯೋದಕ್ಕಿಂತ 4,100 ಉಳಿದರೆ ಉಳಿಯಲಿ.

ಕುಂದಾನಗರಿ, ಬೆಳಗಾವಿ
ಮಧ್ಯಾಹ್ನ 2:50

ಅದೂ ಒಂದು ಮಾತು. ಎರಡೂ ಕಡೆ ಒಂದು ಆರ್ಡರಿಗೆ ಎಷ್ಟು ಖರ್ಚು ಬೀಳ್ತಿದೆ ಅಂತ ಅಕ್ಕಾರು ನೋಡಿದರೆ ತೀರ್ಮಾನ ಆಗುತ್ತೆ.

ಖಾತೆಪುಸ್ತಕ, ಬಾಗಲಕೋಟೆ
ಮಧ್ಯಾಹ್ನ 3:30

ನಾನು ಜಾಹೀರಾತಿನವನಲ್ಲ, ಅಂಗಡಿಗಳ ಲೆಕ್ಕ ಬರೆಯುವವನು. ಒಂದು ಕೇಳಲಾ? ಆ ₹93,000 ಜಿಎಸ್‌ಟಿ ಸೇರಿಯೋ, ಬಿಟ್ಟೋ? ಜಾಹೀರಾತು ಪರದೆಯ ಖರ್ಚಿನಲ್ಲಿ ತೆರಿಗೆ ಇರೋದಿಲ್ಲ, ಬಿಲ್ಲಿನಲ್ಲಿ 18% ಸೇರಿ ಬರುತ್ತೆ. ಗೂಗಲ್‌ನಲ್ಲಿ ಮೊದಲೇ ₹10,000 ಕಟ್ಟಿದರೂ ತೆರಿಗೆ ಕಳೆದು ಜಾಹೀರಾತಿಗೆ ಸಿಗೋದು ಸುಮಾರು ₹8,475.

ಮಾಲಕರು ಬ್ಯಾಂಕಿನಿಂದ ಹೋಗುವ ಹಣ ನೆನೆದು 93,000 ಅಂದಿದ್ದರೆ, ಖರ್ಚಿಗೆ ಇರೋದು ₹78,814. ಅದೇ ತೂಕದಲ್ಲಿ 11ರವರೆಗೆ ಸುಮಾರು ₹35,085 ಆಗಬೇಕಿತ್ತು. ಆಗ ನೀವು 106%, ಮುಂದೆಯೇ ಇದ್ದೀರಿ. ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತಿದ್ದರೆ ಅದನ್ನು ಬಜೆಟ್ಟಿನಿಂದ ಹೊರಗಿಡಿ ಅಂತ ಮಾಲಕರೇ ಹೇಳಬಹುದು. ಕೇಳದೆ ಬಜೆಟ್ ಏರಿಸಬೇಡಿ.

ಕುಂದಾನಗರಿ, ಬೆಳಗಾವಿ
ಮಧ್ಯಾಹ್ನ 3:40

ಇದನ್ನು ನಾನೇ ಮೊದಲು ಕೇಳಬೇಕಿತ್ತು. ಸರಿಯಾಗಿ ಹೇಳಿದಿರಿ. ಸೂತ್ರ ಬದಲಾಗೋದಿಲ್ಲ, B2 ಮಾತ್ರ ಬದಲಾಗುತ್ತೆ.

ಕೆಂಪುಸೆರಗು, ಇಳಕಲ್
ಸಂಜೆ 5:15

ಮಾಲಕರಿಗೆ ಫೋನ್ ಮಾಡಿದ್ದೆ. "ಒಟ್ಟು ಕೈಬಿಟ್ಟು ಹೋಗೋದು 93,000 ಅಂತ ಹೇಳಿದ್ದೆ, ತೆರಿಗೆ ಬಗ್ಗೆ ಯೋಚಿಸಿರಲಿಲ್ಲ" ಅಂದರು. ನಾಳೆ ನಮ್ಮ ಲೆಕ್ಕದವರನ್ನು ಕೇಳಿ ತಿಳಿಸುತ್ತಾರಂತೆ. ಅಲ್ಲಿವರೆಗೆ ದಿನದ ಬಜೆಟ್ ಇದ್ದ ಹಾಗೇ ಇಟ್ಟಿದ್ದೇನೆ, ಏರಿಸಿಲ್ಲ, ಇಳಿಸಿಯೂ ಇಲ್ಲ. ಎರಡು ಸಾಲು ಬೇರೆ ಮಾಡಿದೆ. ಒಂದು ಆರ್ಡರಿಗೆ ಬೀಳುವ ಖರ್ಚನ್ನು ರಾತ್ರಿ ಕೂತು ತೆಗೆಯುತ್ತೇನೆ.