ಅಷ್ಟಮ ಶನಿ: ಮೀನದಲ್ಲಿ ಶನಿಗೆ 4 ಬಿಂದು, ಸರ್ವಾಷ್ಟಕದಲ್ಲಿ 35. ಯಾವುದನ್ನು ನೋಡಬೇಕು?

ಸಿಂಹದವನು: ನನ್ನದು ಸಿಂಹ ರಾಶಿ, ಧನುರ್ಲಗ್ನ. ಶನಿ ಮೀನಕ್ಕೆ ಬಂದಾಗಿನಿಂದ ಅಷ್ಟಮ ಶನಿ. ಜಾತಕದಲ್ಲಿ ಮೀನಕ್ಕೆ ಶನಿಯ ಅಷ್ಟಕವರ್ಗದಲ್ಲಿ 4 ಬಿಂದು, ಸರ್ವಾಷ್ಟಕದಲ್ಲಿ 35. ಊರಿನ ಜೋಯಿಸರು "35 ಇದೆ, ಭಯ ಬೇಡ" ಅಂದಿದ್ದರು. ಆದರೆ ಕಳೆದ ಜೂನ್‌ನಲ್ಲಿ ಕೆಲಸ ಹೋಯಿತು. ನವೆಂಬರ್‌ನಲ್ಲಿ ಅಮ್ಮನಿಗೆ ಆಪರೇಷನ್ ಆಯಿತು. ಈಗ 2026ರ ಫೆಬ್ರವರಿ, ಇನ್ನೂ ಮನೆಯಲ್ಲೇ ಇದ್ದೇನೆ. ಯಾವ ಅಂಕಿ ನಂಬಬೇಕು?

ಗುರುಬಲ_ಗಣೇಶ: ಜೋಯಿಸರು ಸರಿಯಾಗೇ ಹೇಳಿದ್ದಾರೆ. ಸರ್ವಾಷ್ಟಕದ ಒಟ್ಟು 337 ಬಿಂದು, 12 ರಾಶಿಗೆ ಹಂಚಿದರೆ ಸರಾಸರಿ 28. ನಿಮಗೆ 35! 30 ದಾಟಿದ ರಾಶಿಯಲ್ಲಿ ಯಾವ ಗ್ರಹ ಬಂದರೂ ಕೆಡುಕು ಮಾಡುವುದಿಲ್ಲ. ನಿಮ್ಮ ತೊಂದರೆಗೆ ದಶೆ ಕಾರಣ ಇರಬೇಕು, ಗೋಚಾರ ಅಲ್ಲ.

ನಿವೃತ್ತ_ಮೇಷ್ಟ್ರು: "ಯಾವ ಗ್ರಹ ಬಂದರೂ" ಅನ್ನುವಲ್ಲೇ ತಪ್ಪಿದ್ದು ಗಣೇಶ್. 35 ಅನ್ನುವುದು ಏಳು ಗ್ರಹಗಳ ಬಿಂದು ಕೂಡಿಸಿದ ಮೊತ್ತ. ಅದರಲ್ಲಿ ಗುರುವಿನದು 6, ಬುಧನದು 6 ಇರಬಹುದು. ಗುರು ಮೀನಕ್ಕೆ ಬಂದಾಗ ಆ 6 ಕೆಲಸಕ್ಕೆ ಬರುತ್ತದೆ. ಈಗ ಅಲ್ಲಿರುವುದು ಶನಿ, ಅವನ ಲೆಕ್ಕ 4 ಮಾತ್ರ. 35 ಹೇಳುವುದು ಆ ಭಾವದ ಒಟ್ಟು ಬಲವನ್ನು. ಇವರಿಗೆ ಅದು ನಾಲ್ಕನೇ ಮನೆ.

ಸಿಂಹದವರೇ, ಏಳು ಗ್ರಹ, ಲಗ್ನ ಸೇರಿ ಎಂಟು ಜನರಲ್ಲಿ ಆ 4 ಬಿಂದು ಯಾರು ಯಾರು ಕೊಟ್ಟದ್ದು ಅಂತ ಗೊತ್ತಾಗಬೇಕು. ಹುಟ್ಟಿದಾಗಿನ ಗ್ರಹಗಳು ಯಾವ ರಾಶಿಯಲ್ಲಿವೆ ಹಾಕಿ. ಹುಟ್ಟಿದ ದಿನ ಹಾಕಬೇಡಿ.

ಸುಮಾ_ಹಾಸನ: ನನಗೂ ಮೀನದಲ್ಲಿ 4 ಇದೆ ಸರ್! ಕುಂಭ ರಾಶಿ, ಸಾಡೇಸಾತಿ ಕೊನೆ ಭಾಗ. ಸೈಟು ಮಾರಲು ಎರಡು ವರ್ಷದಿಂದ ಒದ್ದಾಡುತ್ತಿದ್ದೇವೆ. ನಂದೂ ನೋಡ್ತೀರಾ?

ಸಿಂಹದವನು: ರವಿ, ಬುಧ, ಗುರು ಮೂವರೂ ಮಿಥುನ. ಶುಕ್ರ ವೃಷಭ. ಕುಜ ಮೀನ. ಚಂದ್ರ ಸಿಂಹ. ಶನಿ ಧನುಸ್ಸು. ಲಗ್ನ ಧನುಸ್ಸು.

ನಿವೃತ್ತ_ಮೇಷ್ಟ್ರು: ಹಾಗಾದರೆ ಲೆಕ್ಕ ಹೀಗೆ. ಶನಿಯ ಅಷ್ಟಕವರ್ಗದಲ್ಲಿ ರವಿ ತನ್ನಿಂದ 10ನೆಯ ಮನೆಗೆ ಬಿಂದು ಕೊಡುತ್ತಾನೆ, ಮಿಥುನದಿಂದ ಮೀನ 10. ಒಂದು. ಬುಧನೂ 10ಕ್ಕೆ ಕೊಡುತ್ತಾನೆ. ಎರಡು. ಶುಕ್ರ 6, 11, 12ಕ್ಕೆ ಕೊಡುತ್ತಾನೆ, ವೃಷಭದಿಂದ ಮೀನ 11. ಮೂರು. ಲಗ್ನದಿಂದ 4ನೆಯದಕ್ಕೆ ಬಿಂದು ಉಂಟು. ನಾಲ್ಕು. ಉಳಿದ ಶನಿ, ಗುರು, ಕುಜ, ಚಂದ್ರ ಯಾರೂ ಮೀನಕ್ಕೆ ಕೊಟ್ಟಿಲ್ಲ.

ಇನ್ನು ಕಕ್ಷೆ. ರಾಶಿಯ 30 ಡಿಗ್ರಿಯನ್ನು ಎಂಟು ಪಾಲು ಮಾಡಿ, ಒಂದೊಂದು 3 ಡಿಗ್ರಿ 45 ಕಲೆ. ಕ್ರಮ ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ, ಲಗ್ನ. ಬಿಂದು ಕೊಟ್ಟವನ ಪಾಲಿನಲ್ಲಿ ಶನಿ ನಡೆಯುವಾಗ ಹಿತ, ಕೊಡದವನ ಪಾಲಿನಲ್ಲಿ ಕಷ್ಟ. ನಿಮಗೆ ಮೊದಲ ಮೂರು ಪಾಲೂ ಖಾಲಿ. ಶನಿ ಮೀನಕ್ಕೆ ಬಂದದ್ದು 2025ರ ಮಾರ್ಚ್ 29. ಜುಲೈನಲ್ಲಿ ಏಳೂವರೆ ಡಿಗ್ರಿ ದಾಟಿ ವಕ್ರನಾಗಿ, ನವೆಂಬರ್ ಕೊನೆಗೆ ಮತ್ತೆ 1 ಡಿಗ್ರಿಯ ಹತ್ತಿರ ಬಂದು ನಿಂತ. ಅಂದರೆ ಒಂದು ವರ್ಷ ಪೂರ್ತಿ ಖಾಲಿ ಪಾಲಿನಲ್ಲೇ ಓಡಾಡಿದ್ದಾನೆ. 11 ಡಿಗ್ರಿ 15 ಕಲೆ ದಾಟುವುದು ಈ ಮಾರ್ಚ್ ಕೊನೆಗೆ. ಅಲ್ಲಿಂದ ರವಿ, ಶುಕ್ರ, ಬುಧ ಸಾಲಾಗಿ ಬಿಂದು ಇರುವ ಪಾಲುಗಳು. ಈ ವರ್ಷದ ವಕ್ರದಲ್ಲೂ ಅವನು ರವಿಯ ಪಾಲಿನಿಂದ ಹಿಂದೆ ಹೋಗುವುದಿಲ್ಲ. ಮುಂದಿನ ವರ್ಷ ಏಪ್ರಿಲ್ ಹೊತ್ತಿಗೆ ಚಂದ್ರನ ಪಾಲು ಬರುವವರೆಗೂ ಪರವಾಗಿಲ್ಲ.

ಗುರುಬಲ_ಗಣೇಶ: "ಪರವಾಗಿಲ್ಲ" ಅಂತ ನೀವೇ ಒಪ್ಪಿದಿರಿ ಅಲ್ವಾ? ನಾನು ಹೇಳಿದ್ದೂ ಅದೇ. 35 ಇರುವವನಿಗೆ ಕೊನೆಗೆ ಒಳ್ಳೆಯದೇ ಆಗುತ್ತದೆ.

ನಿವೃತ್ತ_ಮೇಷ್ಟ್ರು: ನಾನು ಒಪ್ಪಿಲ್ಲ. ಇನ್ನೊಮ್ಮೆ ಓದಿ.

ರಾಮನ್_ಶಿಷ್ಯ: ಮೇಷ್ಟ್ರೇ, "ಮಾರ್ಚ್ 29" ಯಾವ ಅಯನಾಂಶದ ದಿನಾಂಕ? ರಾಶಿಚಕ್ರ ಎಲ್ಲಿಂದ ಶುರು ಅಂತ ಹಿಡಿಯುವ ಲೆಕ್ಕ ಒಬ್ಬೊಬ್ಬರದು ಒಂದೊಂದು. ನಿಮ್ಮದು ಲಾಹಿರಿಯದು. ಅಷ್ಟಕವರ್ಗದ ಬಗ್ಗೆ ಇಡೀ ಪುಸ್ತಕ ಬರೆದ ಬಿ.ವಿ. ರಾಮನ್ ನಮ್ಮ ಬೆಂಗಳೂರಿನವರು. ಅವರ ಅಯನಾಂಶ ಬಿಟ್ಟು ಅವರ ಪದ್ಧತಿ ಬಳಸುವುದು ಯಾವ ನ್ಯಾಯ?

ನಿವೃತ್ತ_ಮೇಷ್ಟ್ರು: ಅಷ್ಟಕವರ್ಗ ರಾಮನ್ ಅವರಿಗಿಂತ ನೂರಾರು ವರ್ಷ ಹಳೆಯದು. ಅವರು ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಪಂಚಾಂಗ ಚಿತ್ರಾಪಕ್ಷ, ಅಂದರೆ ಈ ಲಾಹಿರಿಯನ್ನೇ ಹಿಡಿಯುತ್ತದೆ. ನಾನೂ ಅದನ್ನೇ ಹಿಡಿದಿದ್ದೇನೆ.

ರಾಮನ್_ಶಿಷ್ಯ: "ಸರ್ಕಾರ" ಹೇಳಿದರೆ ಆಕಾಶ ಬದಲಾಗುತ್ತಾ? ಲಾಹಿರಿ ಅಯನಾಂಶ ಸೊನ್ನೆ ಆಗುವುದು ಕ್ರಿ.ಶ. 285ಕ್ಕೆ, ರಾಮನ್ ಅವರದು 397ಕ್ಕೆ. ಎರಡರ ನಡುವೆ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸ. ನಿಮ್ಮ ಕಕ್ಷೆ ಎಷ್ಟು ಡಿಗ್ರಿ? ಮೂರೂ ಮುಕ್ಕಾಲು. ಅರ್ಧದ ಹತ್ತಿರ ತಪ್ಪು ಇಟ್ಟುಕೊಂಡು ತಿಂಗಳು ಹೇಳಲು ಹೊರಟಿದ್ದೀರಿ.

ನಿವೃತ್ತ_ಮೇಷ್ಟ್ರು: ಅದು "ತಪ್ಪು" ಅಲ್ಲ, ವ್ಯತ್ಯಾಸ. ಶನಿ ವೇಗವಾಗಿ ನಡೆಯುವಾಗ ಅದು ಹನ್ನೆರಡು ದಿನ ಹಿಂದೆ ಮುಂದೆ, ಅಷ್ಟೇ.

ರಾಮನ್_ಶಿಷ್ಯ: ವಕ್ರದ ಹೊತ್ತಿಗೆ? ಸುಮ್ನೆ ಹನ್ನೆರಡು ದಿನ ಅಂತ ತೇಲಿಸಬೇಡಿ. ಕಳೆದ ಜುಲೈನಲ್ಲಿ ನಿಮ್ಮ ಶನಿ ಕುಜನ ಪಾಲಿಗೆ ತುದಿಗಾಲಿಟ್ಟು ವಾಪಸ್ ಬಂದ. ರಾಮನ್ ಲೆಕ್ಕದಲ್ಲಿ ಆ ಪಾಲಿನೊಳಗೆ ಸುಮಾರು ಮೂರು ತಿಂಗಳು ಕೂತಿದ್ದ.

ಸಿಂಹದವರೇ, ಹುಟ್ಟಿದಾಗ ಶನಿ ಧನುಸ್ಸಿನಲ್ಲಿ ಎಷ್ಟನೇ ಡಿಗ್ರಿ?

ಸಿಂಹದವನು: 29 ದಾಟಿದೆ ಸರ್. ಆದರೆ ನಾನು ಕೇಳಿದ್ದು ಕೆಲಸದ ಬಗ್ಗೆ.

ರಾಮನ್_ಶಿಷ್ಯ: ನೋಡಿದಿರಾ! ರಾಮನ್ ಅಯನಾಂಶದಲ್ಲಿ ನಿಮ್ಮ ಶನಿ ಮಕರಕ್ಕೆ ಬರುತ್ತಾನೆ. ಮಕರದಿಂದ ಮೀನ 3. ಶನಿ ತನ್ನಿಂದ 3ಕ್ಕೆ ಬಿಂದು ಕೊಡುತ್ತಾನೆ. ನಿಮಗೆ 4 ಅಲ್ಲ, 5! ಮೇಷ್ಟ್ರು ಖಾಲಿ ಅಂದ ಮೊದಲ ಪಾಲು ಖಾಲಿ ಅಲ್ಲವೇ ಅಲ್ಲ.

ಪ್ರಶ್ನೆ_ಕೇಳುವವ: ಸ್ವಲ್ಪ ತಾಳಿ. "4 ಅಲ್ಲ, 5" ಅಂದಿರಲ್ಲ. ಒಬ್ಬನೇ ಮನುಷ್ಯ, ಒಂದೇ ಹುಟ್ಟಿದ ಹೊತ್ತು, ಆಕಾಶದಲ್ಲಿ ಅದೇ ಶನಿ. ಆ್ಯಪ್‌ನಲ್ಲಿ ಒಂದು ಸೆಟ್ಟಿಂಗ್ ಬದಲಿಸಿದರೆ ಫಲ ಬದಲಾಗುತ್ತದೆ. ಇದಕ್ಕೆ ಬಲ ಅಳೆಯುವುದು ಅಂತೀರಾ?

ನಿವೃತ್ತ_ಮೇಷ್ಟ್ರು: ರಾಶಿಯ ಅಂಚಿನಲ್ಲಿರುವ ಗ್ರಹಕ್ಕೆ ಮಾತ್ರ ಹಾಗಾಗುತ್ತದೆ. ಇವರ ಕುಜ 26ರಲ್ಲಿದ್ದಿದ್ದರೆ ಒಂದೂವರೆ ಡಿಗ್ರಿ ಕೂಡಿಸಿದರೂ ಮೀನದಲ್ಲೇ ಇರುತ್ತಿದ್ದ. ಅದಕ್ಕೇ ಬಿಂದು ಎಣಿಸುವ ಮೊದಲು ಜನ್ಮದ ಡಿಗ್ರಿಗಳನ್ನು ನೋಡಬೇಕು. ನಾನು ಮೊದಲೇ ಡಿಗ್ರಿ ಕೇಳದೆ ಬರೀ ರಾಶಿ ಕೇಳಿದ್ದಕ್ಕೆ ಶಿಷ್ಯರಿಗೆ ಜಾಗ ಸಿಕ್ಕಿತು.

ಶಿಷ್ಯರಿಗೆ ಒಂದೇ ಪ್ರಶ್ನೆ. ನಿಮ್ಮ ಲೆಕ್ಕದಲ್ಲೂ ನವೆಂಬರ್‌ನಲ್ಲಿ ಶನಿ ಇದ್ದದ್ದು ಮೊದಲ ಪಾಲಿನಲ್ಲೇ, 2 ಡಿಗ್ರಿ ಚಿಲ್ಲರೆ. ನೀವು ಅಲ್ಲಿ ಬಿಂದು ಇದೆ ಅಂತೀರಿ. ಬಿಂದು ಇದ್ದ ಪಾಲಿನಲ್ಲಿ, ನಾಲ್ಕನೇ ಮನೆಯಲ್ಲಿ ಶನಿ ಇರುವಾಗ ತಾಯಿಗೆ ಆಪರೇಷನ್ ಯಾಕಾಯಿತು?

ರಾಮನ್_ಶಿಷ್ಯ: ಆಪರೇಷನ್ ಆಗಿ ಹುಷಾರಾದರಲ್ಲ! ಅದೇ ಬಿಂದುವಿನ ಬಲ. ಹುಷಾರಾಗಿದ್ದಾರೆ ತಾನೇ?

ಸಿಂಹದವನು: ಹೌದು, ಈಗ ಓಡಾಡುತ್ತಾರೆ.

ರಾಮನ್_ಶಿಷ್ಯ: ಸಾಕು.

ಪ್ರಶ್ನೆ_ಕೇಳುವವ: ವಾಹ್. ಕಾಯಿಲೆ ಬಂದರೆ ಖಾಲಿ ಪಾಲು, ವಾಸಿಯಾದರೆ ಬಿಂದು ಪಾಲು. ಯಾವ ಕಡೆ ನಾಣ್ಯ ಬಿದ್ದರೂ ನಿಮ್ಮದೇ ಗೆಲುವು.

ಗುರುಬಲ_ಗಣೇಶ: ನಾಲ್ಕನೇ ಮನೆಗೆ 35 ಇತ್ತು, ಅದಕ್ಕೇ ತಾಯಿ ಉಳಿದರು. ಸರ್ವಾಷ್ಟಕ ಅಂದರೆ ಸುಮ್ನೆ ಅಲ್ಲ.

ನಿವೃತ್ತ_ಮೇಷ್ಟ್ರು: ಗಣೇಶ್, ಶಿಷ್ಯರ ಅಯನಾಂಶದಲ್ಲಿ ಶನಿ ಮಕರಕ್ಕೆ ಹೋದರೆ ಏಳೂ ಗ್ರಹಗಳ ಅಷ್ಟಕವರ್ಗದಲ್ಲಿ ಶನಿ ಕೊಡುವ ಬಿಂದುಗಳ ಜಾಗ ಬದಲಾಗುತ್ತದೆ. ನಿಮ್ಮ 35ನ್ನೂ ಮತ್ತೆ ಕೂಡಿಸಬೇಕು.

ಗುರುಬಲ_ಗಣೇಶ: ನಾನು ಲಾಹಿರಿಯವನು.

ರಾಮನ್_ಶಿಷ್ಯ: ಲಾಹಿರಿಯವರೆಲ್ಲ ಒಂದಾಗಿ! ಚಿತ್ರಾ ನಕ್ಷತ್ರವನ್ನು 180 ಡಿಗ್ರಿಗೆ ಕಟ್ಟಿಹಾಕಿ ಅಂತ ಯಾವ ಋಷಿ ಹೇಳಿದ? ಸಮಿತಿ ಮಾಡಿ ಕೈ ಎತ್ತಿಸಿ ತಂದ ಅಯನಾಂಶ ಅದು. ಜಾತಕ ನೋಡುವವರು ಯಾರೋ ಅಧಿಕಾರಿಗಳು ಹೇಳಿದ್ದಕ್ಕೆ ತಲೆಯಾಡಿಸುವ ಕಾಲ ಬಂತು.

ನಿವೃತ್ತ_ಮೇಷ್ಟ್ರು: "ಯಾರೋ ಅಧಿಕಾರಿಗಳು" ಅಲ್ಲ ಸ್ವಾಮಿ. ಆ ಸಮಿತಿಯ ಅಧ್ಯಕ್ಷರು ಮೇಘನಾದ ಸಾಹಾ. ನಕ್ಷತ್ರಗಳ ಬಗ್ಗೆ ಅವರಿಗೆ ನಿಮಗಿಂತ, ನನಗಿಂತ ಜಾಸ್ತಿ ಗೊತ್ತಿತ್ತು.

ಪ್ರಶ್ನೆ_ಕೇಳುವವ: ಸಾಹಾ ಅವರಿಗೆ ಜ್ಯೋತಿಷ್ಯದಲ್ಲಿ ನಂಬಿಕೆ ಇತ್ತಾ ಮೇಷ್ಟ್ರೇ? ಅದನ್ನೂ ಹೇಳಿಬಿಡಿ.

ನಿವೃತ್ತ_ಮೇಷ್ಟ್ರು: ಅವರ ಗಣಿತ ನಂಬಿದರೆ ಸಾಕು.

ಸುಮಾ_ಹಾಸನ: ನನ್ನ ಸೈಟಿನ ವಿಷಯ ಯಾರೂ ಹೇಳಲಿಲ್ಲ. ನನ್ನ ಶುಕ್ರ ಧನುಸ್ಸು, ಕುಜ ಕನ್ಯಾ. ಬೇರೆ ಏನಾದರೂ ಬೇಕಾ?

ನಿವೃತ್ತ_ಮೇಷ್ಟ್ರು: ಮೇಡಂ, ಧನುಸ್ಸಿನ ಶುಕ್ರನಿಗೆ ಮೀನ 4, ಕನ್ಯಾದ ಕುಜನಿಗೆ ಮೀನ 7. ಇಬ್ಬರೂ ಕೊಡುವುದಿಲ್ಲ. ಕುಂಭದ ಚಂದ್ರನೂ 2ಕ್ಕೆ ಕೊಡುವುದಿಲ್ಲ. ಉಳಿದ ಐವರಲ್ಲಿ ನಾಲ್ವರು ಕೊಟ್ಟಿರಬೇಕು. ಉಳಿದದ್ದೂ ಹಾಕಿ. ಡಿಗ್ರಿ ಸಮೇತ ಹಾಕಿ, ಇಲ್ಲದಿದ್ದರೆ ಮತ್ತೆ ಶುರುವಾಗುತ್ತದೆ.

ಪ್ರಶ್ನೆ_ಕೇಳುವವ: ಮೇಷ್ಟ್ರೇ, ನೀವು ನಡೆದು ಹೋದದ್ದಕ್ಕೆ ಪಾಲು ಹುಡುಕಿದಿರಿ. ಮುಂದಿನದ್ದು ಹೇಳಿ. ಮಾರ್ಚ್ ಕೊನೆಯವರೆಗೆ ಇವರಿಗೆ ಏನೂ ಒಳ್ಳೆಯದಾಗಬಾರದು, ಸರೀನಾ?

ನಿವೃತ್ತ_ಮೇಷ್ಟ್ರು: "ಏನೂ" ಅಂತ ನಾನು ಹೇಳಲಿಲ್ಲ. ಶನಿಯಿಂದ ನೆರವಿಲ್ಲ ಅಂದೆ. ಗುರು ಎಲ್ಲಿದ್ದಾನೆ, ದಶೆ ಯಾರದು, ಅದೂ ಇದೆಯಲ್ಲ. 39 ಬಿಂದು 12 ರಾಶಿಗೆ ಹಂಚಿದರೆ ಶನಿಗೆ ಸರಾಸರಿ ಮೂರೂ ಕಾಲು. 4 ಅಂದರೆ ಅದಕ್ಕಿಂತ ಸ್ವಲ್ಪ ಮೇಲೆ, ಎಂಟರಲ್ಲಿ ಅರ್ಧ. ಇಷ್ಟರಿಂದ ಇಡೀ ಬದುಕು ಹೇಳಲು ಆಗುವುದಿಲ್ಲ.

ಸಿಂಹದವನು: ಒಂದು ವಿಷಯ ಹೇಳಬೇಕಿತ್ತು. ನೀವೆಲ್ಲ ಅಯನಾಂಶದಲ್ಲಿದ್ದಾಗ ಒಂದು ಇಂಟರ್‌ವ್ಯೂ ಆಯಿತು. ನಿನ್ನೆ ಆಫರ್ ಬಂತು. ಸೇರುವುದು ಏಪ್ರಿಲ್ 6, ಸೋಮವಾರ.

ನಿವೃತ್ತ_ಮೇಷ್ಟ್ರು: ಏಪ್ರಿಲ್ 6! ರವಿಯ ಪಾಲು. ನಾನು ಮೊದಲೇ ಬರೆದಿದ್ದೇನೆ, ಮೇಲೆ ಹೋಗಿ ನೋಡಿ.

ಪ್ರಶ್ನೆ_ಕೇಳುವವ: ಆಫರ್ ಬಂದದ್ದು ಫೆಬ್ರವರಿಯಲ್ಲಿ. ನಿಮ್ಮ ಲೆಕ್ಕದಲ್ಲಿ ಗುರುವಿನ ಪಾಲು, ಖಾಲಿ. ಅದನ್ನು ಯಾವ ಖಾತೆಗೆ ಹಾಕುತ್ತೀರಿ?

ರಾಮನ್_ಶಿಷ್ಯ: ಅದಕ್ಕೇ ಹೇಳಿದ್ದು ಅಯನಾಂಶ ಸರಿ ಮಾಡಿಕೊಳ್ಳಿ ಅಂತ.

ಪ್ರಶ್ನೆ_ಕೇಳುವವ: ಸರಿ ಮಾಡಿಯೇ ನೋಡಿದೆ. ಫೆಬ್ರವರಿ ಕೊನೆಯ ವಾರ ನಿಮ್ಮ ಲೆಕ್ಕದಲ್ಲಿ ಕುಜನ ಪಾಲು. ಅದೂ ಖಾಲಿ.

ರಾಮನ್_ಶಿಷ್ಯ: ಬಾಯಿಮಾತಿನ ಆಫರ್ ಲೆಕ್ಕಕ್ಕಿಲ್ಲ. ಪತ್ರ ಬಂದಿದೆಯಾ?

ಸಿಂಹದವನು: ಇಮೇಲ್ ಬಂದಿದೆ ಸರ್. ಸಂಬಳ ಮಾತ್ರ ಮೊದಲಿಗಿಂತ ಕಡಿಮೆ.

ಗುರುಬಲ_ಗಣೇಶ: 35 ಇದ್ದವರಿಗೆ ಸಂಬಳ ಆಮೇಲೆ ಏರುತ್ತದೆ ಬಿಡಿ.

ಸುಮಾ_ಹಾಸನ: ಡಿಗ್ರಿ ಹಾಕಿದ್ದೇನೆ ಮೇಷ್ಟ್ರೇ, ನಿಮ್ಮ ಇನ್‌ಬಾಕ್ಸ್‌ಗೆ. ಶಿಷ್ಯರಿಗೆ ಹಾಕಿಲ್ಲ.