180 ದಿನ ದಾಟಿದ ಬಾಕಿ 6 ಲಕ್ಷ ತೋರಿಸ್ತಿದೆ, ಪ್ರಾವಿಷನ್ ವಿಪರೀತ ಬರ್ತಿದೆ

ಉದ್ರಿಪುಸ್ತಕ
ದಾವಣಗೆರೆಯಲ್ಲಿ ಪೇಂಟ್-ಹಾರ್ಡ್‌ವೇರ್ ಹೋಲ್‌ಸೇಲ್ ಅಂಗಡಿಯೊಂದರ ಲೆಕ್ಕ ಬರೀತೀನಿ. ಉದ್ರಿ ಬಾಕಿಯನ್ನೆಲ್ಲ ಎಕ್ಸೆಲ್‌ನಲ್ಲೇ ಇಟ್ಟಿದ್ದೀನಿ: A ಪಾರ್ಟಿ, B ಬಿಲ್ ನಂಬರ್, C ತಾರೀಕು, D ಮೊತ್ತ, E ಎಷ್ಟು ದಿನ ಆಯ್ತು. ದುಡ್ಡು ಬಂದಾಗ ಅದೇ ಶೀಟಿನಲ್ಲಿ ಹೊಸ ಸಾಲು ಹಾಕಿ ಮೈನಸ್ ಮೊತ್ತ ಬರೀತೀನಿ. 31-03-2025ಕ್ಕೆ ಹೀಗೆ ಬಂತು. ಪರ್ಸೆಂಟೇಜ್ ನನಗಿಂತ ಮುಂಚೆ ಇದ್ದ ಗುಮಾಸ್ತರು ಬಿಟ್ಟುಹೋಗಿದ್ದು.

| ದಿನ | ಬಾಕಿ ₹ | ದರ | ಪ್ರಾವಿಷನ್ ₹ |
|---|---|---|---|
| 0-30 | 18,00,000 | 1% | 18,000 |
| 31-60 | 9,00,000 | 2% | 18,000 |
| 61-90 | 5,60,000 | 5% | 28,000 |
| 91-180 | 4,00,000 | 15% | 60,000 |
| 180+ | 6,00,000 | 50% | 3,00,000 |
| ಒಟ್ಟು | 42,60,000 | | 4,24,000 |

ಹೋದ ವರ್ಷ ಇಟ್ಟಿದ್ದ ಪ್ರಾವಿಷನ್ 1,50,000. ಈ ಸಲದ್ದು ನೋಡಿ ಸಾಹುಕಾರ್ರು "ಅಷ್ಟು ಹಳೇ ಬಾಕಿ ಯಾರ ಹತ್ರ ಐತಿ, ತೋರ್ಸು" ಅಂತಿದ್ದಾರೆ. ಒಟ್ಟು ಮೊತ್ತ ಲೆಡ್ಜರಿಗೆ ಸರಿಯಾಗಿ ತಾಳೆ ಆಗುತ್ತೆ. ಎಲ್ಲಿ ತಪ್ಪಿದ್ದೀನಿ?

ಬೆಣ್ಣೆದೋಸೆ77
E ಕಾಲಂನಲ್ಲಿ `TODAY()` ಹಾಕಿದ್ದೀರಾ? ಹಾಕಿದ್ರೆ ಫೈಲ್ ತೆಗೆದ ದಿನಕ್ಕೊಂದು ಉತ್ತರ ಬರುತ್ತೆ.

ಉದ್ರಿಪುಸ್ತಕ
ಇಲ್ಲ ಸರ್, H1ರಲ್ಲಿ 31-03-2025 ಬರೆದು `=$H$1-C2` ಹಾಕಿದ್ದೀನಿ.

ಬೆಣ್ಣೆದೋಸೆ77
ಹಾಗಾದ್ರೆ ಮೈನಸ್ ಸಾಲುಗಳದ್ದೇ ಕಿತಾಪತಿ. ಇದನ್ನ ಒಂದು ಖಾಲಿ ಸೆಲ್‌ಗೆ ಹಾಕಿ ನೋಡಿ:

```
=SUMIFS(D:D,E:E,"<=30",D:D,"<0")
```

ಸೊನ್ನೆ ಬರದಿದ್ರೆ ಆ ಸಾಲುಗಳನ್ನ ಡಿಲೀಟ್ ಮಾಡಿ. ಏಜಿಂಗ್‌ನಲ್ಲಿ ಬಿಲ್ ಮಾತ್ರ ಇರಬೇಕು.

ಉದ್ರಿಪುಸ್ತಕ
-3,50,000 ಬಂತು. ಎಲ್ಲಾ ಒಂದೇ ಪಾರ್ಟಿದು, ಮಾರ್ಚ್‌ನಲ್ಲಿ ಕೊಟ್ಟ ಎರಡು ಚೆಕ್ಕು. ನೀವು ಹೇಳಿದಂಗೆ ತೆಗೆದ್ರೆ ಪ್ರಾವಿಷನ್ ಇಳಿಯೋದು ಬಿಟ್ಟು 4,27,500ಕ್ಕೆ ಏರ್ತು!

ಹಳೇಕಿರ್ದಿ
ಏರಲೇಬೇಕು. ಬಂದ ದುಡ್ಡನ್ನೇ ಅಳಿಸಿದ್ರಲ್ಲ. ಈಗ ಶೀಟಿನ ಒಟ್ಟು 46,10,000 ಆಗಿರುತ್ತೆ, ಲೆಡ್ಜರ್ 42,60,000ದಲ್ಲೇ ನಿಂತಿರುತ್ತೆ. ಬೆಣ್ಣೆದೋಸೆಯವರು ಕಳ್ಳನ್ನ ಸರಿಯಾಗಿ ಹಿಡಿದ್ರು, ಆದ್ರೆ ಮಾಲು ವಾಪಸ್ ಇಡಲಿಲ್ಲ.

ಆಗಿರೋದು ಇಷ್ಟು. ಪಾರ್ಟಿ ತೀರಿಸಿದ್ದು ಹಳೇ ಬಿಲ್ಲು. ನಿಮ್ಮ ಶೀಟು ಆ ಚೆಕ್ಕಿಗೂ ವಯಸ್ಸು ಎಣಿಸಿ, ಮಾರ್ಚ್‌ನದು ಅಂತ 0-30ರಲ್ಲಿ ಕೂರಿಸಿದೆ. ಹಳೇ ಬಿಲ್ಲು ತೀರಿದ್ರೂ 180+ನಲ್ಲಿ ಹಾಗೇ ಉಳಿದು 50% ತಿಂತಿದೆ, ಅದನ್ನ ತೀರಿಸಿದ ದುಡ್ಡು 1% ಮನೆಯಲ್ಲಿ ಕಳೀತಿದೆ. ಒಟ್ಟು ತಾಳೆ ಆಗೋದ್ರಿಂದಲೇ ಈ ತಪ್ಪು ಕಣ್ಣಿಗೆ ಬೀಳಲ್ಲ. ಚೆಕ್ಕಿನ ಮೊತ್ತವನ್ನ ಯಾವ ಬಿಲ್ಲಿಗೆ ಬಂತೋ ಆ ಬಿಲ್ಲಿನಲ್ಲೇ ಕಳೆದು, ಮೈನಸ್ ಸಾಲು ತೆಗೀರಿ.

ಯಾವ ಬಿಲ್ಲಿಗೆ ಅನ್ನೋದು ಮಾತ್ರ ನಿಮ್ಮಿಷ್ಟದ್ದಲ್ಲ. 1872ರ ಕರಾರು ಕಾಯ್ದೆಯ 59ರಿಂದ 61ನೇ ಸೆಕ್ಷನ್ ಇದನ್ನೇ ಹೇಳುತ್ತೆ: ಕೊಡುವವನು ಇಂಥ ಬಿಲ್ಲಿಗೆ ಅಂತ ಹೇಳಿದ್ರೆ ಅದಕ್ಕೇ, ಅವನು ಹೇಳದಿದ್ರೆ ಪಡೆದವರ ಆಯ್ಕೆ, ಇಬ್ಬರೂ ಸುಮ್ಮನಿದ್ರೆ ಹಳೇದಕ್ಕೆ ಮೊದಲು.

ಉದ್ರಿಪುಸ್ತಕ
ಚೆಕ್ಕಿನ ಜೊತೆ ಚೀಟಿ ಇತ್ತು ಸರ್, "ಹಳೇ ಬಾಕಿ ಚುಕ್ತಾ" ಅಂತ. ಕಳೆದೆ. ಈಗ 0-30 21,50,000, 180+ 2,50,000. ಪ್ರಾವಿಷನ್ 2,52,500. ಒಟ್ಟು ಮತ್ತೆ 42,60,000.

ಕಾಫಿತೋಟ
ನಮ್ಮ ಫೈಲಲ್ಲೂ ಇಂಥದ್ದೇ ಕಾಟ ಇತ್ತು, ಕಾರಣ ಬೇರೆ. ಕಂಪ್ಯೂಟರಿನ ತಾರೀಕು ಸೆಟ್ಟಿಂಗ್ ಅಮೆರಿಕದ ಕ್ರಮದಲ್ಲಿತ್ತು. 05-03 ಅಂತ ಹೊಡೆದ್ರೆ ಮೇ 3 ಆಗೋದು, 25-03 ಅಂದ್ರೆ ತಾರೀಕೇ ಅಲ್ಲ ಅಂತ ಬರೀ ಅಕ್ಷರವಾಗಿ ಕೂರೋದು. ಅಂಥ ಸಾಲಿನ E ಕಾಲಂನಲ್ಲಿ `#VALUE!` ಬಂದು, `SUMIFS` ಅದನ್ನ ಸದ್ದಿಲ್ಲದೆ ಬಿಟ್ಟುಬಿಡೋದು. ನಿಮ್ಮ ಒಟ್ಟು ತಾಳೆ ಇದೆ ಅಂದ್ರೆ ಸಾಲು ಬಿಟ್ಟುಹೋಗಿಲ್ಲ. ಆದ್ರೂ C ಕಾಲಂನ ಒಂದ್ಸಲ ಹಳೇದ್ರಿಂದ ಹೊಸದಕ್ಕೆ ಸಾರ್ಟ್ ಮಾಡಿ ನೋಡಿ, ಇನ್ನೂ ಬರದ ತಿಂಗಳ ಬಿಲ್ಲು ಕೊನೆಯಲ್ಲಿ ನಿಂತಿರುತ್ತೆ.

ಸಾಗರದವ
ಇಷ್ಟೆಲ್ಲ ಯಾಕೆ ಒದ್ದಾಡ್ತೀರಿ? ಪ್ರಾವಿಷನ್‌ಗೆ ಇನ್‌ಕಮ್ ಟ್ಯಾಕ್ಸ್‌ನಲ್ಲಿ ವಿನಾಯ್ತಿನೇ ಇಲ್ಲ. ಜಿಎಸ್‌ಟಿ ಭಾಗ ವಾಪಸ್ ಬರುತ್ತೆ, ಅದನ್ನ ಕಳೆದು ಬರೀರಿ ಸಾಕು.

ಹಳೇಕಿರ್ದಿ
ಮೊದಲನೇದು ಸರಿ. ನಮ್ಮಂಥ ವ್ಯಾಪಾರಕ್ಕೆ ಈ ವರ್ಷದ ಲೆಕ್ಕದಲ್ಲಿ 36(1)(vii) ಪ್ರಕಾರ ಪುಸ್ತಕದಲ್ಲಿ ನಿಜವಾಗಿ ರೈಟ್ ಆಫ್ ಮಾಡಿದ್ದಕ್ಕೆ ಮಾತ್ರ. ಆದ್ರೆ ಅವರು ಕೇಳಿದ್ದು ಟ್ಯಾಕ್ಸ್ ಅಲ್ಲ, ಲಾಭ-ನಷ್ಟ ಪಟ್ಟಿಗೆ ಎಷ್ಟು ಹಾಕಬೇಕು ಅಂತ. ಎರಡನೇದು ತಪ್ಪು. ಗಿರಾಕಿ ದುಡ್ಡು ಕೊಡಲಿಲ್ಲ ಅಂತ ನಮ್ಮಲ್ಲಿ ಕಟ್ಟಿದ ಜಿಎಸ್‌ಟಿ ವಾಪಸ್ ಬರಲ್ಲ. ಬಿಲ್ಲಿನ ಪೂರ್ತಿ ಮೊತ್ತವೇ ಮುಳುಗೋದು, ಪೂರ್ತಿ ಮೊತ್ತಕ್ಕೇ ಲೆಕ್ಕ ಹಾಕಿ.

ಉದ್ರಿಪುಸ್ತಕ ಅವರೇ, ಆ 50% ಎಲ್ಲಿಂದ ಬಂತು ಅಂತ ಪರೀಕ್ಷೆ ಮಾಡಿದ್ದೀರಾ? 31-03-2024ರ ಪಟ್ಟಿ ತೆಗೆದು, ಅವತ್ತು 180+ನಲ್ಲಿದ್ದ ಬಿಲ್ಲುಗಳಲ್ಲಿ ಇವತ್ತಿಗೂ ಬಾರದ್ದು ಎಷ್ಟು ನೋಡಿ.

ಉದ್ರಿಪುಸ್ತಕ
ಆಗ 180+ನಲ್ಲಿ 2,00,000 ಇತ್ತು. ಅದರಲ್ಲಿ ಇವತ್ತಿನ ಪಟ್ಟಿಯಲ್ಲೂ ಇರೋದು 60,000. ಅಂದ್ರೆ 30% ಸಾಕಲ್ವಾ?

ಹಳೇಕಿರ್ದಿ
ವರ್ಷದ ನಡುವೆ ಏನಾದ್ರೂ ರೈಟ್ ಆಫ್ ಮಾಡಿದ್ರಾ?

ಉದ್ರಿಪುಸ್ತಕ
40,000. ಅದೂ ಆ ಹಳೇದ್ರಲ್ಲೇ ಇದ್ದ ಬಿಲ್ಲು.

ಹಳೇಕಿರ್ದಿ
ನೋಡಿ, ಅದು ಪಟ್ಟಿಯಿಂದ ಮಾಯ ಆಗಿದ್ದು ದುಡ್ಡು ಬಂದಿದ್ದಕ್ಕಲ್ಲ. ಎರಡು ಪಟ್ಟಿ ಪಕ್ಕಪಕ್ಕ ಇಟ್ಟು ನೋಡುವಾಗ ಎಲ್ಲರೂ ಎಡವೋದು ಇಲ್ಲೇ. ಬಾರದ್ದು 60,000 ಅಲ್ಲ, 1,00,000. ನಿಮ್ಮ ಹಳೇ ಗುಮಾಸ್ತರ 50% ಸುಮ್ಮನೆ ಬಂದಿದ್ದಲ್ಲ! ಆ 60,000ದಲ್ಲಿ ಯಾರ್ಯಾರಿದ್ದಾರೆ?

ಉದ್ರಿಪುಸ್ತಕ
45,000 ಒಬ್ಬನೇ, ಅಂಗಡಿ ಮುಚ್ಚಿಕೊಂಡು ಹೋದವನು. ಆಮೇಲಿನ ಬಿಲ್ಲೂ ಸೇರಿ ಈಗ ಅವನದ್ದು 90,000, ಎಲ್ಲಾ 180+ನಲ್ಲೇ.

ಹಳೇಕಿರ್ದಿ
ಅವನನ್ನ ಪರ್ಸೆಂಟೇಜ್ ಗುಂಪಿನಿಂದ ಹೊರಗೆ ತಗೊಂಡು 90,000ಕ್ಕೆ ಪೂರ್ತಿ ಪ್ರಾವಿಷನ್ ಇಡಿ. ಹೊರಗೆ ತೆಗೆದ ಮೇಲೆ ದರದಿಂದಲೂ ತೆಗೀಬೇಕು, ಇಲ್ಲದಿದ್ರೆ ಅವನೊಬ್ಬನಿಗೆ ಎರಡು ಸಲ ಅಳ್ತೀರಿ. ಉಳಿದವರಲ್ಲಿ ಬಾರದ್ದು 55,000, ಇದ್ದಿದ್ದು 1,55,000, ಸುಮಾರು 35%. ಈಗ 180+ನಲ್ಲಿ ಉಳಿದ 1,60,000ಕ್ಕೆ 56,000. ಅವನ 90,000, ಉಳಿದ ನಾಲ್ಕು ಸಾಲಿನ 1,27,500 ಸೇರಿ 2,73,500.

ಖರ್ಚಿಗೆ ಇಷ್ಟೂ ಹಾಕಬೇಡಿ. ರೈಟ್ ಆಫ್‌ನ ಪ್ರಾವಿಷನ್ ಖಾತೆಗೇ ಹಾಕಿದ್ರೆ ಅಲ್ಲಿ 1,10,000 ಉಳಿದಿದೆ. ಹೊಸದಾಗಿ ಬೇಕಾಗಿರೋದು 1,63,500.

ಬೆಣ್ಣೆದೋಸೆ77
35% ಬಂದಿದ್ದು ಒಂದೇ ವರ್ಷದಿಂದ, ಅದೂ ಬೆರಳೆಣಿಕೆ ಬಿಲ್ಲು. ಒಬ್ಬ ಏಪ್ರಿಲ್‌ನಲ್ಲಿ ಕೊಟ್ಟಿದ್ರೂ ದರ ಬದಲಾಗ್ತಿತ್ತು. ನಾನಾಗಿದ್ರೆ 50% ಬಿಡ್ತಿರಲಿಲ್ಲ.

ಹಳೇಕಿರ್ದಿ
ಆ ಮಾತು ಒಪ್ಪಿದೆ. ಮೂರು ವರ್ಷದ ಪಟ್ಟಿ ಇದ್ರೆ ಧೈರ್ಯವಾಗಿ ಹೇಳಬಹುದು. 91-180ರ 15%ನೂ ಹೀಗೇ ಪರೀಕ್ಷೆ ಆಗಬೇಕು.

ಉದ್ರಿಪುಸ್ತಕ
2023ರ ಪಟ್ಟಿ ಇಲ್ಲ ಸರ್. ಅದೇ ಫೈಲಿನ ಮೇಲೆ ಬರೀತಾ ಬಂದು ಅಳಿಸಿಹೋಗಿದೆ. 2024ರದ್ದು ಆಡಿಟರಿಗೆ ಪ್ರಿಂಟ್ ಕೊಟ್ಟಿದ್ದಕ್ಕೆ ಉಳಿದಿತ್ತು. 35 ಮತ್ತು 50, ಎರಡೂ ಲೆಕ್ಕ ಆಡಿಟರ್ ಮುಂದೆ ಇಡ್ತೀನಿ. ಆ 90,000ದ ಮಾತು ಸಾಹುಕಾರ್ರಿಗೆ ಹೇಳಿದ್ರೆ, "ಅವ್ನು ಮೊನ್ನೆ ಮದುವ್ಯಾಗ ಸಿಕ್ಕಿದ್ದ, ಕೊಡ್ತೀನಿ ಅಂದಾನ" ಅಂತಾರೆ.

ಕಾಫಿತೋಟ
ನಮ್ಮವನೂ ಎರಡು ಮದುವೆಯಲ್ಲಿ ಸಿಕ್ಕಿದ್ದ.