ರಿಸಲ್ಟ್ಸ್ ಅಧ್ಯಾಯದಲ್ಲಿ ಡಿಸ್ಕಶನ್ ಸೇರಿದೆ ಅಂತ ಗೈಡ್ ಮತ್ತೆ ವಾಪಸ್ ಕೊಟ್ಟಿದ್ದಾರೆ, ದಯವಿಟ್ಟು ನೋಡಿ

ಸಿಂಧನೂರು_ಭತ್ತ
ನಾಲ್ಕನೇ ಅಧ್ಯಾಯ ಮತ್ತೆ ವಾಪಸ್ ಬಂದೈತಿ. ಅಂಚಿನಾಗ "ಇದು ಡಿಸ್ಕಶನ್" ಅಂತಷ್ಟೇ ಬರೆದಾರ, ಏನು ತೆಗೀಬೇಕಂತ ಹೇಳಿಲ್ಲ. ನಾನು ಬರೆದಿದ್ದು ಟೇಬಲ್‌ನಾಗ ಇರೋದನ್ನ. ಥೀಸಿಸ್ ಇಂಗ್ಲಿಷ್‌ನಾಗ ಐತಿ, ವಾಕ್ಯದ ಅರ್ಥ ಇದು: "ಸತು ಬೇರನ್ನು ಬಲಪಡಿಸಿ ತೆಂಡೆಗಳನ್ನು ಹೆಚ್ಚಿಸಿದ್ದರಿಂದ ಟಿ5ರಲ್ಲಿ ಅತಿ ಹೆಚ್ಚು ಇಳುವರಿ ಬಂದಿತು." ಇದರಾಗ ತಪ್ಪೇನೈತ್ರಿ? ಸೋಮವಾರದೊಳಗ ಕೊಡಬೇಕು.

ಬಳ್ಳಾರಿ_ಸ್ಟ್ಯಾಟ್
ಕ್ರಿಯಾಪದ ನೋಡ್ರಿ. ರಿಸಲ್ಟ್ಸ್ ಪೂರ್ತಿ ಭೂತಕಾಲದಾಗ ಇರಬೇಕು, ಡಿಸ್ಕಶನ್‌ನಾಗ ವರ್ತಮಾನ ಬರಬಹುದು. ಎಲ್ಲಾ ವಾಕ್ಯ ಭೂತಕಾಲಕ್ಕೆ ತಂದ್ರೆ ಮುಗೀತು.

ತುಂಗಭದ್ರಾ_ಎಡದಂಡೆ
ಅವರ ವಾಕ್ಯ ಈಗಾಗಲೇ ಭೂತಕಾಲದಲ್ಲೇ ಇದೆಯಲ್ಲ. ಟಿ5 ಅಂದರೆ ಏನು, ಎಷ್ಟು ರೆಪ್ಲಿಕೇಶನ್, ಸಿಡಿ ಎಷ್ಟು, ಬೇರನ್ನು ಅಳೆದಿದ್ದೀರಾ? ಇದು ಗೊತ್ತಿಲ್ಲದೆ ಏನು ಹೇಳಲಿ?

ಸಿಂಧನೂರು_ಭತ್ತ
ಸಾರಿ ಸರ್, ಎಲ್ಲರಿಗೂ ಗೊತ್ತಿರ್ತದ ಅನ್ಕೊಂಡೆ. ಆರ್‌ಬಿಡಿ, 7 ಟ್ರೀಟ್‌ಮೆಂಟ್, 3 ರೆಪ್ಲಿಕೇಶನ್. ಟಿ1 ಬರೀ ಶಿಫಾರಸು ಗೊಬ್ಬರ, 44.1 ಕ್ವಿಂಟಲ್ ಹೆಕ್ಟೇರಿಗೆ. ಟಿ4 ಅದರ ಜೊತೆ ಮಣ್ಣಿಗೆ 25 ಕೆಜಿ ಸತುವಿನ ಸಲ್ಫೇಟ್, 51.3. ಟಿ5 ಅಂದ್ರ ಟಿ4 ಜೊತೆ ಎಲೆಗೆ 0.5 ಪರ್ಸೆಂಟ್ ಸಿಂಪಡಣೆ, 52.4. ಎಸ್‌ಇಎಂ 0.9, ಸಿಡಿ 2.77. ಬೇರು ಅಳೆದಿಲ್ಲ, ತೆಂಡೆ ಎಣಿಸೀನಿ.

ತುಂಗಭದ್ರಾ_ಎಡದಂಡೆ
ಸಿಡಿ ಸರಿಯಿದೆ. ಎರರ್ ಡಿಎಫ್ 12, ಟಿ-ಬೆಲೆ 2.179, ಅದನ್ನು 1.414 ಮತ್ತು 0.9ರಿಂದ ಗುಣಿಸಿದರೆ 2.77 ಬರುತ್ತದೆ. ಹಾಗಾದರೆ ಟಿ5ಕ್ಕೂ ಟಿ4ಕ್ಕೂ ಇರುವ 1.1ರ ಅಂತರ ಸಿಡಿಗಿಂತ ಕಡಿಮೆ, ಅಂದರೆ ಅದು ಆಕಸ್ಮಿಕವೂ ಆಗಿರಬಹುದು. "ಟಿ5ರಲ್ಲಿ ಅತಿ ಹೆಚ್ಚು" ಅಂತ ಬರೆದು ನಿಲ್ಲಿಸಿದರೆ ಓದುವವರು ಸಿಂಪಡಣೆಯಿಂದ ಲಾಭವಾಯ್ತು ಅಂದುಕೊಳ್ಳುತ್ತಾರೆ. ನಿಮ್ಮ ಟೇಬಲ್ ಅದನ್ನು ಹೇಳುತ್ತಿಲ್ಲ.

ಆ ಒಂದು ವಾಕ್ಯದಲ್ಲಿ ಮೂರು ಮಾತು ಸೇರಿವೆ, ಬಿಡಿಸಿ. ಇಳುವರಿ ರಿಸಲ್ಟ್ಸ್‌ಗೆ ಹೋಗುತ್ತದೆ: "ಟಿ5 (52.4) ಮತ್ತು ಟಿ4 (51.3) ಪರಸ್ಪರ ಆನ್ ಪಾರ್, ಎರಡೂ ಟಿ1 (44.1)ಕ್ಕಿಂತ ಗಮನಾರ್ಹವಾಗಿ ಹೆಚ್ಚು." ತೆಂಡೆಗೆ ಬೇರೆ ಟೇಬಲ್, ಬೇರೆ ಪ್ಯಾರಾ, ಅದೂ ರಿಸಲ್ಟ್ಸ್‌ನಲ್ಲೇ. ತೆಂಡೆ ಹೆಚ್ಚಿದ್ದಕ್ಕೆ ಇಳುವರಿ ಹೆಚ್ಚಿತು ಎಂಬ ಜೋಡಣೆ ಡಿಸ್ಕಶನ್‌ಗೆ. ಬೇರಿನ ಮಾತು ನಿಮ್ಮ ಅಳತೆಯಲ್ಲೇ ಇಲ್ಲ. ಹಿಂದಿನ ಅಧ್ಯಯನದ ಆಧಾರ ಸಿಕ್ಕರೆ "ಇರಬಹುದು" ಅಂತ ಡಿಸ್ಕಶನ್‌ನಲ್ಲಿ ಬರೆಯಿರಿ, ಇಲ್ಲದಿದ್ದರೆ ತೆಗೆಯಿರಿ.

ಪ್ರತಿ ವಾಕ್ಯದ ಪಕ್ಕ ಪೆನ್ಸಿಲ್‌ನಲ್ಲಿ ಟೇಬಲ್ ಸಂಖ್ಯೆ ಬರೆಯುತ್ತಾ ಹೋಗಿ. ಯಾವ ವಾಕ್ಯಕ್ಕೆ ಸಂಖ್ಯೆ ಸಿಗುವುದಿಲ್ಲವೋ ಅದು ಐದನೇ ಅಧ್ಯಾಯದ್ದು.

ಬಳ್ಳಾರಿ_ಸ್ಟ್ಯಾಟ್
ಆದ್ರೂ ಕಾಲ ಮುಖ್ಯ ಐತೆ, ಪರೀಕ್ಷಕರು ಮೊದಲು ಅದನ್ನೇ ನೋಡ್ತಾರೆ.

ತುಂಗಭದ್ರಾ_ಎಡದಂಡೆ
ಇರಲಿ ಸರ್, ನೋಡಲಿ. ಆದರೆ "ಬಲಪಡಿಸಿತು" ಅಂತ ಭೂತಕಾಲದಲ್ಲಿ ಬರೆದರೂ ಅದು ಕಾರಣ ಹೇಳುವ ಮಾತೇ.

ಕಿನ್ನಾಳ_ಬಣ್ಣ
ನನ್ನದು ಕೊಪ್ಪಳದ ಗೊಂಬೆ ಕುಶಲಕರ್ಮಿಗಳ ಸಂದರ್ಶನ, ಸಮಾಜಶಾಸ್ತ್ರ. ಮಾತುಗಳನ್ನು ವಿಷಯವಾರು ಗುಂಪು ಮಾಡಿ ಹೆಸರಿಡೋದೇ ಅರ್ಥ ಕಟ್ಟೋ ಕೆಲಸ. ಹಂಗಿದ್ದಾಗ ಎರಡು ಅಧ್ಯಾಯ ಬೇರೆ ಮಾಡೋದು ಕೃತಕ ಅಲ್ವಾ? ನಾನು ಎರಡನ್ನೂ ಸೇರಿಸೇ ಬರೀತಿದ್ದೀನಿ.

ತುಂಗಭದ್ರಾ_ಎಡದಂಡೆ
ನಿಮ್ಮ ವಿಭಾಗ ಒಪ್ಪಿದರೆ ಸೇರಿಸಬಹುದು. ಬೇರೆ ಮಾಡಲೇಬೇಕಾದರೆ ಅವರ ಮಾತು ಮತ್ತು ಗುಂಪಿನ ಹೆಸರು ರಿಸಲ್ಟ್ಸ್‌ನಲ್ಲಿರಲಿ, ಸಿದ್ಧಾಂತದ ಜೊತೆ ಹೋಲಿಕೆ ಡಿಸ್ಕಶನ್‌ನಲ್ಲಿ. ಹೆಸರಿಡುವುದರಲ್ಲೂ ವ್ಯಾಖ್ಯಾನ ಇದೆ ಅನ್ನೋದು ನಿಜ, ಅದನ್ನು ಪೂರ್ತಿ ತಪ್ಪಿಸುವ ದಾರಿ ನನಗೆ ಕಂಡಿಲ್ಲ.

ರಾಯಚೂರು_ಲೇಟೆಕ್
ಇಷ್ಟೆಲ್ಲ ಯಾಕ್ರಿ, ನನ್ನ ಹತ್ರ ಪ್ರತಿ ಅಧ್ಯಾಯಕ್ಕೂ ಬೇರೆ ಫೈಲ್, ಟೇಬಲ್ ಸಂಖ್ಯೆ ತಾನೇ ಬದಲಾಗ್ತದ, ರೆಫರೆನ್ಸ್ ಎಲ್ಲಾ ಜೊಟೆರೊದಾಗ. ವರ್ಡ್ ಬಿಡ್ರಿ ಮೊದಲು.

ಸಿಂಧನೂರು_ಭತ್ತ
ಅಣ್ಣಾ, ಈಗ ಸಾಫ್ಟ್‌ವೇರ್ ಬದಲಾಯಿಸೋ ಟೈಮ್ ಇಲ್ಲ. ಎಡದಂಡೆ ಸರ್, ಸಿಂಪಡಣೆ ಯಾಕೆ ಚಲೋ ಅಂತ ಡಿಸ್ಕಶನ್‌ನಾಗ ಒಂದು ಪುಟ ಬರೆದೀನಿ, ಅದು? ಮತ್ತ ತೆಂಡೆಗೂ ಇಳುವರಿಗೂ ಕೋರಿಲೇಶನ್ ಮಾಡೀನಿ, ಅದು ಎಲ್ಲಿ?

ತುಂಗಭದ್ರಾ_ಎಡದಂಡೆ
ಆ ಪುಟ ನಿಲ್ಲುವುದಿಲ್ಲ. ಕಾಣದ ವ್ಯತ್ಯಾಸಕ್ಕೆ ಕಾರಣ ಕೊಟ್ಟಂತಾಗುತ್ತದೆ. ಅದರ ಬದಲು ಮಣ್ಣಿಗೆ ಹಾಕಿದ ಸತುವಿನ ಮೇಲೆ ಸಿಂಪಡಣೆಯಿಂದ ಹೆಚ್ಚುವರಿ ಇಳುವರಿ ಸಾಬೀತಾಗಲಿಲ್ಲ, 3 ರೆಪ್ಲಿಕೇಶನ್‌ನಲ್ಲಿ ಇಷ್ಟು ಸಣ್ಣ ಅಂತರ ಹಿಡಿಯುವುದೂ ಕಷ್ಟ ಅಂತ ಬರೆಯಿರಿ. ಆನ್ ಪಾರ್ ಅಂದರೆ ಎರಡೂ ಒಂದೇ ಅಂತ ತೋರಿಸಿದ ಹಾಗಲ್ಲ.

ಕೋರಿಲೇಶನ್ ಬೆಲೆ ರಿಸಲ್ಟ್ಸ್‌ಗೆ, ವಿಧಾನವನ್ನು ಮೂರನೇ ಅಧ್ಯಾಯದಲ್ಲಿ ಹೇಳಿರಬೇಕು. ಆದರೆ 21 ಪ್ಲಾಟ್ ಒಟ್ಟಿಗೆ ಹಾಕಿದ್ದರೆ ಸತುವಿನಿಂದ ಎರಡೂ ಏರಿದ್ದಕ್ಕೇ ಸಂಬಂಧ ಗಟ್ಟಿಯಾಗಿ ಕಾಣಬಹುದು. ಡಿಸ್ಕಶನ್‌ನಲ್ಲಿ "ತೆಂಡೆಯಿಂದಲೇ" ಅಂತ ಬರೆಯಬೇಡಿ.

ಬಳ್ಳಾರಿ_ಸ್ಟ್ಯಾಟ್
ಕೋರಿಲೇಶನ್ ಡಿಸ್ಕಶನ್‌ಗೇ ಹೋಗಬೇಕು, ಅದು ಸಂಬಂಧ ಹೇಳೋದು.

ಸಿಂಧನೂರು_ಭತ್ತ
ಇಬ್ರೂ ಬೇರೆ ಬೇರೆ ಹೇಳ್ತೀರಿ. ಸದ್ಯ ಬೆಲೆ ರಿಸಲ್ಟ್ಸ್‌ನಾಗ ಇಡ್ತೀನಿ, ಗೈಡ್‌ಗೆ ಕೇಳ್ತೀನಿ. ಗಿಡದ ಎತ್ತರದಾಗ ಗಮನಾರ್ಹ ವ್ಯತ್ಯಾಸ ಇಲ್ಲ, ಎನ್‌ಎಸ್ ಬಂದೈತಿ, ಆ ಟೇಬಲ್ ತೆಗೀಲಾ?

ತುಂಗಭದ್ರಾ_ಎಡದಂಡೆ
ತೆಗೆಯಬೇಡಿ. ಅಳೆದದ್ದೆಲ್ಲ ರಿಸಲ್ಟ್ಸ್‌ನಲ್ಲಿರಬೇಕು, ಎನ್‌ಎಸ್ ಅಂತಲೇ ಒಂದು ಸಾಲು ಸಾಕು.